ಬ್ಯಾಗ್ ಕಾಯುವ ಜಯದೇವಿ

ಅಮೆರಿಕದ ಕ್ಯಾಂಟನ್ ಊರಿನಲ್ಲಿ ನಮ್ಮವರು ಯಾರೇ ಪ್ರವಾಸ ಹೊರಡಲಿ, ಶಿವರಾಮು ಅವರನ್ನು ಕೇಳದೆ ಹೊರಡುತ್ತಿರಲಿಲ್ಲ. ಕೇಳದಿದ್ದರೂ ಅವರು ಬಿಡುತ್ತಿರಲಿಲ್ಲ. ಕಾರ್ ಕಂಪನಿಯಲ್ಲಿ ಅಚ್ಚು ಡಿಸೈನ್ ಮಾಡುವ ಮನುಷ್ಯ. ಪ್ರವಾಸವನ್ನೂ ಅಚ್ಚಿನಲ್ಲಿ ಹೊಯ್ದೇ ಕೊಡುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಅವರ ಹೆಂಡತಿ ಜಯದೇವಿಗೆ ದಿನವೂ ನೆನಪಾಗುತ್ತಿತ್ತು.

ಇಂಡಿಯನ್ ಸ್ಟೋರಿನ ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತು ಜಯದೇವಿಯ ಮಂಡಿಗಳು ಹಾಳಾಗಿದ್ದವು. ಮಿಷಿಗನ್‌ನ ಚಳಿಗಾಲ ಬಂತೆಂದರೆ ಮೆಟ್ಟಿಲಿಳಿಯುವುದೇ ಸಾಹಸ. ಕೊಲರಾಡೋದ ಬೆಟ್ಟಗಳಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಮಂಡಿಗೆ ಹಿತವಾಗುತ್ತದೆ ಎಂದು ಯಾರೋ ಹೇಳಿದ ದಿನದಿಂದ ಅವಳಿಗೆ ಒಂದೇ ಆಸೆ: ಒಂದು ಸಲ, ಸೊಂಟದವರೆಗೆ, ಆ ನೀರಿನಲ್ಲಿ ಕೂರಬೇಕು.

"ನಮ್ ಜಯದೇವಿ ಮಂಡಿಗೋಸ್ಕರಾನೇ ಈ ಟ್ರಿಪ್ಪು," ಎಂದು ಶಿವರಾಮು, ಎಲ್ಲರೂ ಅಡುಗೆ ತಂದು ಹಂಚಿ ಉಣ್ಣುವ ಪ್ರತಿ ಪಾಟ್‌ಲಕ್ ಕೂಟದಲ್ಲೂ ಸಾರಿದರು. ಪಕ್ಕದೂರು ನಾರ್ತ್‌ವಿಲ್‌ನ ಬಷೀರ್, ಷಹನಾಜ್ ದಂಪತಿಯೂ ಜೊತೆಯಾದರು. ಪ್ಲಾನಿನಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ಒಪ್ಪಲೇಬೇಕು. ಎತ್ತರದ ಊರು, ಮೊದಲ ದಿನ ಸುಸ್ತು ಮಾಡಿಕೊಳ್ಳಬಾರದು. ಮೊದಲು ನದಿ ಪಕ್ಕದ ಸಮತಟ್ಟು ದಾರಿಯಲ್ಲಿ ನಡಿಗೆ, ಆಮೇಲೆ ನೀರು. ಬಿಸಿ ಕೊಳದಲ್ಲಿ ಹದಿನೈದೇ ನಿಮಿಷ. ಹೊರಗೆ ಬಂದು ತಣ್ಣಗಾಗಿ, ನೀರು ಕುಡಿದು, ಬೇಕಾದರೆ ಮತ್ತೆ ಇಳಿಯಬೇಕು. ವಿಮಾನದಲ್ಲಿ ಡೆನ್ವರ್‌ವರೆಗೂ ಇದೇ ಉಪದೇಶ.

ಮೊದಲ ದಿನ ನಡಿಗೆ ಮುಗಿಸಿ ಕೊಳದ ಬಾಗಿಲಿಗೆ ಬಂದರು. ಸುತ್ತ ಹಿಮ, ನಡುವೆ ಹೊಗೆಯಾಡುವ ನೀರು. ಜಯದೇವಿ ಹಳೆಯ ಚೂಡಿದಾರ್ ತೊಟ್ಟು ಸಿದ್ಧಳಾಗಿ ಬಂದಳು. ಕಾವಲಿನ ಹುಡುಗಿ ನಯವಾಗಿಯೇ ತಡೆದಳು: ಹತ್ತಿ ಬಟ್ಟೆ ಕೂಡದು, ನೂಲು ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸ್ವಿಮ್ ಸೂಟ್ ಮಾತ್ರ. ಅಷ್ಟು ಜನರೆದುರು ಸ್ವಿಮ್ ಸೂಟಿನಲ್ಲಿ ಇಳಿಯುವುದು ಜಯದೇವಿಯಿಂದಲೂ ಆಗದು, ಷಹನಾಜ್‌ಳಿಂದಲೂ ಆಗದು.

"ಈ ರೂಲ್ ನಿಮಗೆ ಗೊತ್ತಿರ್ಲಿಲ್ವಾ?" ಎಂದು ಜಯದೇವಿ ಕೇಳಿದಳು.

"ವೆಬ್‌ಸೈಟಲ್ಲಿ ಓದಿದ್ದೆ," ಎಂದರು ಶಿವರಾಮು, ಚಡ್ಡಿಯ ದಾರ ಬಿಗಿಯುತ್ತಾ. "ನೀನು ಹೇಗೂ ಇಳಿಯಲ್ಲ ಅಂದ್ಕೊಂಡೆ. ಲಾಕರ್‌ಗೆ ಯಾಕೆ ಸುಮ್ನೆ ದುಡ್ಡು? ನೀವಿಬ್ರೂ ಬ್ಯಾಗ್ ನೋಡ್ಕೊಂಡು ಇಲ್ಲೇ ಬೆಂಚಲ್ಲಿ ಕೂತಿರಿ."

ಜಯದೇವಿಗೆ ಮಂಡಿಗಿಂತ ಹೆಚ್ಚಾಗಿ ಆ ಮಾತು ನೋವು ಕೊಟ್ಟಿತು. ಅವಳ ಮಂಡಿಯ ಹೆಸರಿನಲ್ಲಿ ಇಷ್ಟು ದೂರ ಬಂದ ಮಹಾನುಭಾವ, ತನ್ನ ಪ್ಲಾನಿನಲ್ಲಿ ಅವಳನ್ನು ಮೊದಲಿಂದಲೂ ಬೆಂಚಿನ ಮೇಲೆಯೇ ಕೂರಿಸಿಟ್ಟಿದ್ದ! ಅವಳು ನಾಲ್ಕು ಟವೆಲ್, ಎರಡು ಬ್ಯಾಗ್, ಗಂಡಸರ ಜಾಕೆಟ್‌ಗಳನ್ನು ತೊಡೆಯ ಮೇಲಿಟ್ಟುಕೊಂಡು ಚಳಿಯಲ್ಲಿ ಕೂತಳು. ಶಿವರಾಮು ಕತ್ತಿನವರೆಗೆ ಮುಳುಗಿ, ಅಪರಿಚಿತ ಬಿಳಿಯರಿಗೆ ಹದಿನೈದು ನಿಮಿಷದ ಮಹತ್ವ ಬೋಧಿಸುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಎರಡನೆಯ ದಿನವೂ ಅದೇ ನಡಿಗೆ, ಅದೇ ಬೆಂಚು. ಮಧ್ಯದಲ್ಲಿ ರೆಸ್ಟ್‌ರೂಮಿಗೆ ಹೋಗಿದ್ದ ಷಹನಾಜ್ ಓಡೋಡಿ ಬಂದಳು.

"ಜಯಕ್ಕ, ಹಿಂದ್ಗಡೆ ಹಳೇ ಬಿಲ್ಡಿಂಗಲ್ಲಿ ಪ್ರೈವೇಟ್ ರೂಮ್ ಇದಾವೆ! ಗಂಟೆ ಲೆಕ್ಕದಲ್ಲಿ ಕೊಡ್ತಾರಂತೆ. ಕಲ್ಲಿನ ತೊಟ್ಟಿ, ಇದೇ ಬುಗ್ಗೆ ನೀರು. ಪ್ರತಿ ಸಲ ಖಾಲಿ ಮಾಡಿ ಹೊಸ ನೀರು ತುಂಬ್ತಾರೆ, ಅದಕ್ಕೆ ಯಾವ ಬಟ್ಟೆ ಆದ್ರೂ ನಡಿಯುತ್ತಂತೆ. ಚಿಲಕ ಹಾಕ್ಕೊಂಡ್ರೆ ಆಯ್ತು."

"ಬ್ಯಾಗು?"

"ಬ್ಯಾಗೂ ಬರುತ್ತೆ, ಏಳಿ."

ಚಿಲಕ ಬಿತ್ತು. ಜಯದೇವಿ ಚೂಡಿದಾರಿನಲ್ಲೇ ನೀರಿಗಿಳಿದಳು. ಬಿಸಿ ಮಂಡಿಯೊಳಕ್ಕೆ ಇಳಿಯುತ್ತಿದ್ದಂತೆ ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಇಬ್ಬರೂ ಶಿವರಾಮು ಹೇಳಿದ ಹಾಗೆಯೇ ನಡೆದುಕೊಂಡರು: ಸ್ವಲ್ಪ ಹೊತ್ತು ನೀರಲ್ಲಿ, ಸ್ವಲ್ಪ ಹೊತ್ತು ಕಟ್ಟೆಯ ಮೇಲೆ, ನಡುನಡುವೆ ತಣ್ಣೀರು ಕುಡಿಯುತ್ತಾ. ಪ್ಲಾನು ಒಳ್ಳೆಯದೇ ಇತ್ತು, ಪಾಪ.

ಇತ್ತ ಶಿವರಾಮು ಕೊಳದಿಂದೆದ್ದು ನೋಡಿದರೆ ಬೆಂಚು ಬೋಳು. ಟವೆಲ್ ಇಲ್ಲ, ಬಟ್ಟೆಯೂ ಇಲ್ಲ. ನೀರು ಹೆಪ್ಪುಗಟ್ಟುವ ಚಳಿಗೆ ಒದ್ದೆ ಮೀಸೆ ಗಟ್ಟಿಯಾಯಿತು. ಮತ್ತೆ ನೀರಿಗೆ ಬಿದ್ದರು. ಒಳಗಿದ್ದರೆ ತಲೆಸುತ್ತು, ಹೊರಬಂದರೆ ನಡುಕ. ಹದಿನೈದು ನಿಮಿಷದ ಧರ್ಮೋಪದೇಶಕರು ಮುಖ ಟೊಮ್ಯಾಟೊ ಮಾಡಿಕೊಂಡು ಹೊತ್ತು ಗೊತ್ತಿಲ್ಲದೆ ಬೆಂದರು. ಪಕ್ಕದಲ್ಲಿ ಬಷೀರ್ ನಗು ತಡೆಯಲಾರದೆ ನರಳುತ್ತಿದ್ದ.

ಕೊನೆಗೆ ಜಯದೇವಿ ಬಂದಳು, ಕೆನ್ನೆ ಕೆಂಪಾಗಿ, ಎರಡೂ ಬ್ಯಾಗ್ ಹೊತ್ತು, ಕುಂಟದೆ.

"ಎಲ್ಲಿ ಹಾಳಾಗಿ ಹೋಗಿದ್ದೆ? ಟವೆಲ್ ಕೊಡೇ!" ಎಂದು ಶಿವರಾಮು ಹಲ್ಲು ಕಟಕಟಿಸಿದರು.

ಅವಳು ಟವೆಲ್ ಕೊಟ್ಟಳು. ಜೊತೆಗೆ ಬ್ಯಾಗ್‌ಗಳನ್ನೂ ಅವರ ಕಾಲ ಬಳಿ ಇಟ್ಟಳು.

"ನಾಳೆಗೂ ರೂಮ್ ಬುಕ್ ಮಾಡಿದೀವಿ," ಎಂದಳು. "ಮೊದ್ಲು ನದಿ ದಾರೀಲಿ ನಡಿಗೆ, ಆಮೇಲೆ ನೀರು. ನೀವು ಹೇಗೂ ನಮ್ಮ ರೂಮಿಗೆ ಬರಲ್ಲ ಅಂದ್ಕೊಂಡೆ. ಈ ಬೆಂಚಲ್ಲಿ ಬ್ಯಾಗ್ ನೋಡ್ಕೊಂಡು ಕೂತಿರಿ."