ದೋಸೆ ಭಟ್ಟರ ಕಂಕುಳು

ಕಂಕುಳು ಎಂದರೆ ಸಾಕು, ಜನ ನಗುತ್ತಾರೆ. ಮೊಮ್ಮಗಳು ಕಲಿಸಿಕೊಟ್ಟ ಮೇಲೆ ಫೋನಿನಲ್ಲಿ ಒಂದೇ ಬೆರಳಿನಿಂದ ಇದನ್ನು ಕುಟ್ಟುತ್ತಿರುವ ನನಗೂ ನಗುವೇ. ಆದರೆ ಎಂಬತ್ತರ ದಶಕದಲ್ಲಿ, ಮುಂಬಯಿಯ ಉಪನಗರದ ಆಸ್ಪತ್ರೆಯೊಂದರಲ್ಲಿ ನಾನು ಸರ್ಜರಿ ಕಲಿಯುತ್ತಿದ್ದಾಗ, ಒಂದು ಕಂಕುಳು ನನಗೇ ಬೆವರಿಳಿಸಿತ್ತು.

ಅದರ ಒಡೆಯರು ಚೆಂಬೂರಿನ ಹೋಟೆಲೊಂದರ ದೋಸೆ ಭಟ್ಟರು, ಉಡುಪಿ ಕಡೆಯವರು. ತೆಂಗಿನಕಾಯಿ ತುರಿಯುವಾಗ ಬಲಗೈ ಬೆರಳು ಕೊಯ್ದುಕೊಂಡು ವಾರವಾಗಿತ್ತು. ಈಗ ಜ್ವರ, ಬಲಗಂಕುಳಲ್ಲಿ ನೋವು.

“ಡಾಕ್ಟ್ರೇ, ಈ ಕೈ ಹೋದ್ರೆ ನನ್ನ ಕೆಲಸವೇ ಹೋಯ್ತು ಮಾರಾಯ್ರೆ. ಎಡಗೈಲಿ ಹೊಯ್ದ್ರೆ ದೋಸೆ ಭಾರತದ ನಕ್ಷೆ ಆಗ್ತದೆ.”

“ಕೈ ಮೇಲೆತ್ತಿ,” ಎಂದೆ. ಭಟ್ಟರು ಹಲ್ಲು ಕಚ್ಚಿ ಎತ್ತಿದರು. ಗಂಟಿದೆಯೇ ಎಂದು ಒತ್ತಿ ನೋಡಿದೆ. ಬಿಗಿದ ಚರ್ಮ ಬಿಟ್ಟು ಬೆರಳಿಗೆ ಏನೂ ಸಿಗಲಿಲ್ಲ. ದಿನಾ ಎರಡು ಹೊತ್ತು ಲೋಕಲ್ ರೈಲಿನಲ್ಲಿ, ಹಿಡಿಕೆಗೆ ಜೋತುಬಿದ್ದವರ ಕಂಕುಳಡಿಯಲ್ಲೇ ಮೂಗಿಟ್ಟು ಬರುತ್ತಿದ್ದವಳು ನಾನು. ಕಂಕುಳು ಕಾಣಬೇಕಾದರೆ ಕೈ ಎತ್ತಿರಬೇಕು ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಗಂಟಿಲ್ಲ ಎಂದುಕೊಂಡು ಮಾತ್ರೆಯ ಚೀಟಿ ಬರೆಯತೊಡಗಿದೆ.

ಹಿಂದಿನಿಂದ, ನಮಗೆ ಸರ್ಜರಿ ಕಲಿಸುತ್ತಿದ್ದ ಸರ್ ದನಿ ಕೇಳಿತು. ಅವರು ಧಾರವಾಡದವರು.

“ಏನವ್ವಾ, ಕೈ ಮ್ಯಾಲೆತ್ತಿಸಿ ಏನ್ ಹುಡಕಾಕತ್ತೀ? ಎತ್ತಿದ್ರ ಕಂಕುಳ ತಳದ ಪದರ ಡೊಳ್ಳಿನಂಗ ಬಿಗೀತದ. ಇಳಸು. ಅವರ ಕೈ ನಿನ್ನ ಬಲಗೈ ಮ್ಯಾಲೆ ಇಟ್ಕೋ. ಭಾರ ಎಲ್ಲಾ ನೀ ಹೊರು. ಎಡಗೈಲೆ ಹುಡಕು.”

ಹಾಗೇ ಮಾಡಿದೆ. ಭಟ್ಟರ ತೋಳು ಸಡಿಲವಾಯಿತು. ನನ್ನ ಬೆರಳುಗಳು ಸಲೀಸಾಗಿ ಮೇಲೆ, ಕಂಕುಳು ಕುತ್ತಿಗೆಯ ಕಡೆಗೆ ಚೂಪಾಗುವ ತುದಿಯತ್ತ ಹೋದವು. ಅಲ್ಲಿಂದ ಒಂದೊಂದೇ ಗೋಡೆ ಸವರಿದೆ: ಮುಂದೆ ಎದೆಯ ಮಾಂಸ, ಒಳಗೆ ಪಕ್ಕೆಲುಬು, ಹಿಂದೆ ಹೆಗಲಿನ ಹಲಗೆ, ಹೊರಗೆ ತೋಳಿನ ಮೂಳೆ. ನಡುವಿನ ಕೊಬ್ಬಿನಲ್ಲಿ, ಆಳದಲ್ಲಿ, ನಿಂಬೆಹಣ್ಣಿನಷ್ಟು ಗಂಟು! ಭಟ್ಟರು ತುಳುವಿನಲ್ಲಿ ಏನೋ ಅಂದರು. ಅರ್ಥವಾಗದಿದ್ದುದೇ ಒಳ್ಳೆಯದಾಯಿತು.

ಬೆರಳಿನ ನಂಜು ಕಂಕುಳ ಗಂಟಿಗೆ ಏರಿ ಕೀವಾಗಿತ್ತು. ಕೊಯ್ದು ತೆಗೆಯದೆ ಬೇರೆ ದಾರಿಯಿರಲಿಲ್ಲ.

“ನೀನ ಕೊಯ್ಯಿ,” ಎಂದರು ಸರ್. “ಮೊದಲ ಹೇಳು, ಯಾವ ಗ್ವಾಡಿಗೆ ಏನೈತಿ?”

“ಹೊರಗೋಡೆಗೆ ಕೈಗೆ ಹೋಗುವ ದೊಡ್ಡ ರಕ್ತನಾಳಗಳು, ಸುತ್ತ ನರಗಳು. ಮುಂದಿನ ಗೋಡೆಯ ಅಂಚಿನಲ್ಲಿ ಒಂದು ರಕ್ತನಾಳ. ಹಿಂದಿನ ಗೋಡೆಯಲ್ಲೂ ರಕ್ತನಾಳ, ಬೆನ್ನಿನ ಸ್ನಾಯುವಿನ ನರ.”

ಭಟ್ಟರು ಕಣ್ಣರಳಿಸಿದರು. “ಮೂರು ಗೋಡೆಗೂ ಪೈಪ್‌ಲೈನ್ ಉಂಟಾ! ಮತ್ತೆ ನೀವು ಮೊಳೆ ಹೊಡಿಯುದು ಎಲ್ಲಿಗೆ?”

“ತಳಕ್ಕೆ. ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ನಟ್ಟನಡುವೆ, ಸ್ವಲ್ಪ ಪಕ್ಕೆಲುಬಿನ ಕಡೆಗೆ.”

“ಆ ಪಕ್ಕೆಲುಬಿನ ಗೋಡೆ ಖಾಲಿಯಾ?”

“ಪೂರ್ತಿ ಇಲ್ಲ. ಒಂದು ನರ ಉದ್ದಕ್ಕೆ ಇಳಿಯುತ್ತೆ. ಅದು ತುಂಡಾದ್ರೆ ಹೆಗಲಿನ ಹಲಗೆ ರೆಕ್ಕೆ ಥರ ಹೊರಗೆ ಬರುತ್ತೆ.”

“ರೆಕ್ಕೆ ಬಂದ್ರೆ ಒಳ್ಳೇದೇ ಅಲ್ವಾ!”

“ಹೌದ್ರಿ, ಆದ್ರ ಹಾರಾಕ ಆಗಂಗಿಲ್ಲ,” ಎಂದರು ಸರ್. “ಹಿಟ್ಟಿನ ಪಾತ್ರಿ ಎತ್ತಿ ಮ್ಯಾಲಿಡಾಕೂ ಆಗಂಗಿಲ್ಲ.”

ಭಟ್ಟರ ನಗು ನಿಂತಿತು. ನನ್ನದು ಮೊದಲೇ ನಿಂತಿತ್ತು.

ಅವರಿಗೆ ಅರಿವಳಿಕೆ ಕೊಟ್ಟು, ಕೈಯನ್ನು ಪಕ್ಕಕ್ಕೆ ಚಾಚಿಟ್ಟೆವು. ಚಾಕುವಿಗೆ ಕೊಟ್ಟ ಕೆಲಸ ಚರ್ಮ ಮತ್ತು ಅದರಡಿಯ ಪದರ ಅಷ್ಟೇ. ಅಲ್ಲಿಂದ ಮುಂದೆ ಮೊಂಡು ತುದಿಯ ಇಕ್ಕಳ. ಮುಚ್ಚಿಕೊಂಡೇ ಮೆಲ್ಲಗೆ ಒಳಗೆ ತಳ್ಳಿ, ಕೀವಿನ ಜಾಗ ಮುಟ್ಟಿದ ಮೇಲೆ ಬಾಯಿ ತೆರೆದು, ತೆರೆದಂತೆಯೇ ಹೊರಗೆಳೆಯಬೇಕು. ಮೊಂಡು ತುದಿ ನರವನ್ನು ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ. ಕೀವು ಬುಗ್ಗೆಂದು ಬಂತು. ನನ್ನ ಏಪ್ರನ್ ಮೇಲೂ ಬಂತು. ಅಷ್ಟು ಗಲೀಜು ಕಂಡು ಅಷ್ಟು ಖುಷಿಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಉಳಿದ ಕೀವು ಇಳಿಯಲು ಬಟ್ಟೆಯ ಬತ್ತಿ ಇಟ್ಟು ಬ್ಯಾಂಡೇಜು ಸುತ್ತಿದೆ.

ಮಾರನೆಯ ಬೆಳಿಗ್ಗೆ ಜ್ವರ ಇಳಿದಿತ್ತು, ಆದರೆ ಯಾವ ನರಕ್ಕೂ ಪೆಟ್ಟಾಗಿಲ್ಲ ಎಂದು ನೋಡಬೇಕಿತ್ತು. ಮಣಿಕಟ್ಟಿನ ನಾಡಿ ಇತ್ತು. ಭಟ್ಟರು ಬೆರಳು ಅಗಲಿಸಿದರು, ಮಡಿಸಿದರು, ಮಣಿಕಟ್ಟು ಮೇಲೆತ್ತಿದರು. ಉಳಿದದ್ದು, ತುಂಡಾದರೆ ರೆಕ್ಕೆ ಬರಿಸುವ ಆ ಉದ್ದದ ನರ.

“ಅಂಗಿ ತೆಗೆದು ಗೋಡೆಗೆ ಎರಡೂ ಅಂಗೈ ಇಟ್ಟು ದೂಡಿ,” ಎಂದೆ.

ಭಟ್ಟರು ಮುಲುಗುತ್ತಾ ದೂಡಿದರು. ನಾನು ಬೆನ್ನ ಹಿಂದೆ ನಿಂತು ನೋಡಿದೆ. ಎಡ ಹಲಗೆ ಬೆನ್ನಿಗೆ ಅಂಟಿಕೊಂಡಿತ್ತು. ಬಲ ಹಲಗೆಯೂ ಅಷ್ಟೇ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಆ ಬೆನ್ನನ್ನು ನೋಡುತ್ತಾ ನೋಡುತ್ತಾ, ಸಾಕು ಎಂದು ಹೇಳುವುದನ್ನೇ ಮರೆತುಬಿಟ್ಟೆ.

“ಡಾಕ್ಟ್ರೇ,” ಭಟ್ಟರು ಏದುಸಿರು ಬಿಡುತ್ತಾ ಕೂಗಿದರು, “ಇನ್ನೆಷ್ಟು ದೂಡುದು ಮಾರಾಯ್ರೆ? ಆಚೆ ಕಡೆ ಹೆಂಗಸರ ವಾರ್ಡ್ ಉಂಟು!”