ಲಾಟೀನು ಒಳಗೆ ಹೋಗುವವರೆಗೆ

ಇದನ್ನು ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ನಂಬದಿದ್ದರೆ ಪುಟ ತಿರುಗಿಸಿ. ಆದರೆ ಆ ರಾತ್ರಿ ಕನಕಪುರ ರಸ್ತೆಯಲ್ಲಿ ನಡೆದವನು ನಾನು. ಕಂಡದ್ದು ನನ್ನ ಕಣ್ಣಿಗೆ.

ಆಗ ಅರವತ್ತರ ದಶಕ. ಜಯನಗರದ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದೆ. ಆಫೀಸಿನಲ್ಲಿ ಇಂಗ್ಲಿಷ್ ಕಾಗದ ಬರೆಯುವ ಗುಮಾಸ್ತ. ನಾಲ್ಕು ಸಾಲಿನಲ್ಲಿ ವಿಷಯ ಮುಗಿಸಿ ಸಹಿ ಹಾಕುವುದು ನನ್ನ ಹೆಮ್ಮೆ. ಅದರ ಜೊತೆಗೆ ದುರಹಂಕಾರವೂ ಧಾರಾಳವಾಗಿತ್ತು.

ನನ್ನ ಹೆಂಡತಿ ಶಾಂತಳ ತವರು ಕೋಣನಕುಂಟೆ. ಅಲ್ಲಿಂದ ಹೊರಡುವುದೆಂದರೆ ಒಂದು ಪ್ರಹಸನ. ಎದ್ದು ನಿಂತು "ಬರ್ಲಾ?" ಎನ್ನಬೇಕು. ಅವರು "ಇನ್ನೊಂದು ಗಳಿಗೆ ಕೂತ್ಕೊಳಿ" ಎನ್ನಬೇಕು. ಮತ್ತೆ ಕೂರಬೇಕು. ಎರಡನೆಯ ಸಲ ಎದ್ದಾಗ ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರ ಮುಖ ನೋಡಿ "ಹೋಗಿ ಬರ್ತೀನಿ" ಎನ್ನಬೇಕು. ಅಡುಗೆಮನೆಯಲ್ಲಿ ಇರುವವರನ್ನು ಬಿಡುವಂತಿಲ್ಲ, ಬಾಗಿಲ ಬಳಿ ಹೋಗಿ ಹೇಳಬೇಕು. ಉಂಡದ್ದರಲ್ಲಿ ಒಂದನ್ನು ಹೆಸರಿಟ್ಟು ಚೆನ್ನಾಗಿತ್ತು ಎನ್ನಬೇಕು. ಹೆಂಗಸರಿಗೆ ಕುಂಕುಮ. ಅಪ್ಪಿತಪ್ಪಿ "ಹೋಗ್ತೀನಿ" ಎಂದಿರೋ, ಮನೆ ಮಂದಿಯೆಲ್ಲ "ಹಾಗನ್ಬಾರ್ದು" ಎಂದು ಮೇಲೆ ಬೀಳುತ್ತಿದ್ದರು.

ಇಷ್ಟಾದರೂ ಮುಗಿಯುತ್ತಿರಲಿಲ್ಲ. ಶಾಂತಳ ಗೂನು ಬೆನ್ನಿನ ಅಜ್ಜಿ ಲಾಟೀನು ಹಿಡಿದು ಬೀದಿ ಬಾಗಿಲಿಗೆ ಬರುತ್ತಿದ್ದರು. ನೆಂಟರು ದೂರದ ಹುಣಸೆಮರದ ತಿರುವು ತಲುಪಿ, ಒಮ್ಮೆ ತಿರುಗಿ ಕೈಯೆತ್ತಬೇಕು. ಆಮೇಲೆ ಅಜ್ಜಿ ಬತ್ತಿ ತಗ್ಗಿಸಿ ಒಳಗೆ ಹೋಗುತ್ತಿದ್ದರು. ಕೈಯೆತ್ತದಿದ್ದರೆ ನಿಂತೇ ಇರುತ್ತಿದ್ದರು. ಹೊಸ ಅಳಿಯನಾಗಿದ್ದಾಗ ನಾನು ಬೇಕೆಂದೇ ತಿರುಗಿ ನೋಡದೆ ಹೋಗಿದ್ದೆ. ಆವತ್ತು ಮುದುಕಿ ಬಹಳ ಹೊತ್ತು ಅಲ್ಲೇ ನಿಂತಿದ್ದರಂತೆ. ಕೇಳಿ ನಕ್ಕಿದ್ದೆ. ಎಂಥ ಗಮಾರರು ಎನಿಸಿತ್ತು.

ಅಜ್ಜಿ ತೀರಿಕೊಂಡರು. ಸಾವಿನ ಮನೆಯಿಂದ ಹೊರಡುವಾಗ ಬಾಯಿ ಬಿಡಬಾರದು. "ಬರ್ತೀನಿ" ಎಂದರೆ ಅಂಥ ಸಂದರ್ಭಕ್ಕೇ ಮತ್ತೆ ಬರುತ್ತೇನೆ ಎಂದಂತೆ. ಮಾತಿಲ್ಲದೆ, ಯಾರಿಗೂ ಹೇಳದೆ ಎದ್ದು ಹೋಗಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ, ಉಳಿದ ದಿನ ಬಾಯಿ ನೋಯುವಷ್ಟು ಹೇಳಿಸುತ್ತಿದ್ದರಲ್ಲ ಎಂಬ ಕೊಂಕಿಗೆ, ತುಂಬಿದ ಅಂಗಳದಲ್ಲಿ ಹೆಣದ ಕಡೆ ನೋಡಿ ಜೋರಾಗಿ ಹೇಳಿದೆ, "ಅಜ್ಜಿ, ಹೋಗಿ ಬರ್ತೀನಿ."

ಅಳುತ್ತಿದ್ದವರು ಅಳು ನಿಲ್ಲಿಸಿದರು. ಶಾಂತ ನನ್ನನ್ನು ನೋಡಿದ ರೀತಿ ಇವತ್ತಿಗೂ ಕಣ್ಣಮುಂದಿದೆ... ಅವಳು ನನ್ನ ಜೊತೆ ಬರಲಿಲ್ಲ. ಮೂರು ತಿಂಗಳು ತವರಲ್ಲೇ ಉಳಿದಳು.

ಕೊನೆಗೆ ಅವಳನ್ನು ಕರೆತರಲು ನಾನೇ ಹೋದೆ. ಕೋಣೆ ಕೋಣೆಯೂ ಖಾಲಿ ಎನಿಸುವ ಮನೆಯಲ್ಲಿ ಒಬ್ಬನೇ ಇರುವುದು ಸಾಕಾಗಿತ್ತು. ಅತ್ತೆ ಸೊಪ್ಪಿನ ಸಾರು, ಮುದ್ದೆ ಬಡಿಸಿದರು. ಮಾವ ಮೆತ್ತಗೆ, ಅವತ್ತಿನದು ತಪ್ಪಾಯಿತು ಎಂದು ಒಂದು ಮಾತು ಅವಳಿಗೆ ಹೇಳಿಬಿಡಿ, ಸಾಕು ಎಂದರು. ಒಂದೇ ಮಾತು. ಅದೂ ಹೇಳಲಾಗಲಿಲ್ಲ ನನ್ನ ಕೈಲಿ. ಹಳ್ಳಿಯ ಮೂಢನಂಬಿಕೆಗೆಲ್ಲ ನಾನು ತಲೆಬಾಗುವವನಲ್ಲ ಎಂದು ಭಾಷಣ ಬಿಗಿದು, ಕೈ ತೊಳೆದವನೇ ಚಪ್ಪಲಿ ಮೆಟ್ಟಿ ಹೊರಟೆ. ಯಾರಿಗೂ ಏನೂ ಹೇಳಲಿಲ್ಲ. ಸಾವಿನ ಮನೆಯಿಂದ ಹೊರಡುವ ಹಾಗೆ, ಬದುಕಿರುವವರ ಮನೆಯಿಂದ ಎದ್ದು ಬಂದೆ.

ಕೊನೆಯ ಬಸ್ಸು ಹೋಗಿಯಾಗಿತ್ತು. ಇನ್ನೂ ಎಂಟು ಗಂಟೆ ಆಗಿರಲಿಲ್ಲ, ಆದರೆ ಆಗಿನ ಕನಕಪುರ ರಸ್ತೆಯಲ್ಲಿ ಕತ್ತಲಾದರೆ ಕತ್ತಲೇ. ಎರಡೂ ಕಡೆ ಹೊಲ. ಕಪ್ಪೆಗಳ ವಟಗುಟ್ಟುವಿಕೆ.

ಹುಣಸೆಮರದ ತಿರುವು ದಾಟುವಾಗ ಬೆನ್ನಿಗೆ ಬೆಳಕು ಬಿದ್ದಂತಾಯಿತು. ನನ್ನ ನೆರಳು ಮುಂದಕ್ಕೆ ಉದ್ದವಾಗಿ ಚಾಚಿತು. ಮಾವ ಲಾಟೀನು ಹಿಡಿದು ಬಂದಿದ್ದಾರೆ, ಬರಲಿ, ನಿಂತು ಸಾಯಲಿ ಎಂದುಕೊಂಡೆ. ತಿರುಗಿ ನೋಡಲಿಲ್ಲ.

ಅರ್ಧ ಮೈಲಿ ನಡೆದೆ. ನೆರಳು ಹಾಗೇ ಇತ್ತು... ಅಷ್ಟೇ ಉದ್ದ.

ತಿರುಗಿದೆ. ಮನೆಯ ಬಾಗಿಲಿಂದ ತಿರುವಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಒಂದು ಲಾಟೀನು. ನಡೆಯುವವರ ಕೈಯ ಲಾಟೀನು ತೂಗಾಡುತ್ತದೆ. ಇದು ಅಲ್ಲಾಡಲಿಲ್ಲ. ಹಿಡಿದವರು ಕಾಣಲಿಲ್ಲ. "ಮಾವ?" ಎಂದೆ. ಕಪ್ಪೆಗಳು ಒಟ್ಟಿಗೆ ಸುಮ್ಮನಾದವು.

ಬಿರಬಿರನೆ ನಡೆದೆ. ಹೆಜ್ಜೆ ಸದ್ದು ನನ್ನದೊಂದೇ. ಜರಗನಹಳ್ಳಿಯ ಹತ್ತಿರ ಬಂದು ಮತ್ತೆ ನೋಡಿದೆ. ಅಷ್ಟೇ ದೂರ. ಅಷ್ಟೇ ಎತ್ತರ, ಗೂನು ಬೆನ್ನಿನ ಒಬ್ಬರು ಎದೆಮಟ್ಟಕ್ಕೆ ಎತ್ತಿ ಹಿಡಿದಷ್ಟು. ಗಾಳಿಯಲ್ಲಿ ಸೀಮೆಎಣ್ಣೆಯ ವಾಸನೆ, ಅದರೊಳಗೆ ಹೊಗೆಸೊಪ್ಪಿನ ಘಾಟು. ಆ ಮನೆಯಲ್ಲಿ ಹೊಗೆಸೊಪ್ಪು ಹಾಕುತ್ತಿದ್ದದ್ದು ಒಬ್ಬರೇ.

ಮುಂದಕ್ಕೆ ಓಡಿದರೆ ಇದು ಜಯನಗರದ ನನ್ನ ಮನೆ ಬಾಗಿಲಿಗೂ ಬಂದು ನಿಲ್ಲುತ್ತದೆ ಎಂದು ಅದು ಹೇಗೋ ಖಚಿತವಾಗಿ ತಿಳಿಯಿತು. ಬರ್ತೀನಿ ಎಂದು ಹೇಳಿ ಹೋದವನನ್ನು ಆ ಮುದುಕಿ ಕಾಯುತ್ತಿದ್ದರು. ಇಂಗ್ಲಿಷ್ ಕಾಗದದ ಪಂಡಿತನಿಗೆ ಆಗ ಒಂದು ಸಾಲೂ ಹೊಳೆಯಲಿಲ್ಲ. ಹೊಳೆದದ್ದು ಆ ಪ್ರಹಸನ ಮಾತ್ರ.

ಕೋಣನಕುಂಟೆಯ ಕಡೆ ಮುಖ ಮಾಡಿ ನಿಂತು, ಕ್ರಮ ತಪ್ಪದಂತೆ, ಹಿರಿಯರಿಂದ ಶುರುಮಾಡಿದೆ.

"ಮಾವ, ಹೋಗಿ ಬರ್ತೀನಿ. ಅತ್ತೆ, ಬರ್ತೀನಿ... ಸೊಪ್ಪಿನ ಸಾರು ಚೆನ್ನಾಗಿತ್ತು, ಹೇಳ್ದೆ ಎದ್ದು ಬಂದೆ. ಶಾಂತಾ... ಶಾಂತಾ, ಅವತ್ತು ನಾನು ಮಾಡಿದ್ದು ತಪ್ಪು. ಹುಷಾರಾಗಿರು. ಬರ್ತೀನಿ."

ಸತ್ತ ಅಜ್ಜಿಗೆ ಮಾತ್ರ "ಬರ್ತೀನಿ" ಎನ್ನುವಂತಿರಲಿಲ್ಲ. ಕೈಮುಗಿದು, "ಕಾಯ್ಬೇಡಿ ಅಜ್ಜಿ. ನೀವಿನ್ನು ಒಳಗೆ ಹೋಗಿ" ಎಂದೆ. ಆಮೇಲೆ ಬಲಗೈ ಎತ್ತಿದೆ.

ಬೆಳಕು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಯಾರೋ ಬತ್ತಿ ತಗ್ಗಿಸಿದಂತೆ ಸಣ್ಣಗಾಯಿತು... ಇನ್ನೂ ಸಣ್ಣಗಾಯಿತು... ಇಲ್ಲವಾಯಿತು. ಕಪ್ಪೆಗಳು ಮತ್ತೆ ಶುರುಮಾಡಿದವು. ಮನೆ ಹೇಗೆ ಸೇರಿದೆನೋ ಕಾಣೆ.

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮೊದಲ ಬಸ್ಸಿಗೆ ಹೊರಟು ಬಂದಿದ್ದ ಶಾಂತ, ಕೈಯಲ್ಲಿ ಬಟ್ಟೆಯ ಗಂಟು. ಕೈಚಾಚಿ ಗಂಟು ತೆಗೆದುಕೊಂಡೆ. ಅವಳೇ ಕೇಳಿದಳು.

"ಅಷ್ಟು ದೂರ ಹೋದೋರು ವಾಪಸ್ ಬಂದು ಬಾಗಿಲಲ್ಲಿ ನಿಂತು ಎಲ್ಲಾರ್ಗೂ ಹೇಳಿದ್ರಲ್ಲ, ಒಳಗ್ಯಾಕೆ ಬರ್ಲಿಲ್ಲ?"

ನಾನು ಜರಗನಹಳ್ಳಿಯಿಂದ ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅವರೋ, ಮೂವರೂ ಕೇಳಿಸಿಕೊಂಡಿದ್ದರು. ಸಾರಿನ ಮಾತು ಕೇಳಿ ಅತ್ತೆ ಅತ್ತರಂತೆ. ತಪ್ಪು ಎಂದ ನನ್ನ ಮಾತು ಕೇಳಿ, ಶಾಂತ ನನ್ನನ್ನು ಕರೆಯಲು ಬಾಗಿಲು ತೆಗೆದಳಂತೆ. ಹೊರಗೆ ಯಾರೂ ಇರಲಿಲ್ಲ. ಕತ್ತಲಲ್ಲಿ ನೋಡೋಣವೆಂದು ಮೊಳೆಗೆ ತೂಗುಹಾಕಿದ್ದ ಅಜ್ಜಿಯ ಲಾಟೀನಿಗೆ ಕೈಹಾಕಿದಳು. ಅಜ್ಜಿ ಸತ್ತ ಮೇಲೆ ಅದನ್ನು ಯಾರೂ ಹಚ್ಚಿರಲಿಲ್ಲ, ಅದರಲ್ಲಿ ಎಣ್ಣೆಯೂ ಇರಲಿಲ್ಲ.

ಅವಳು ಬಲಗೈ ಚಾಚಿ ತೋರಿಸಿದಳು. ಗಾಜು ಮುಟ್ಟಿದ ಎರಡು ಬೆರಳಿನ ತುದಿಯಲ್ಲೂ ಬೊಬ್ಬೆ ಎದ್ದಿತ್ತು.

ಈಗಿನವರು ಗಾಡಿಯ ಮೇಲೆ ಕೂತು, ಎತ್ತಲೋ ನೋಡುತ್ತಾ "ಬೈ" ಎಂದು ಉಗುಳಿ ಹೋಗುತ್ತಾರೆ. ಕಂಡರೆ ಹೇಸಿಗೆಯಾಗುತ್ತದೆ, ಯಾಕೆಂದರೆ ಅವರಲ್ಲಿ ನಾನೇ ಕಾಣುತ್ತೇನೆ. ನಾನಂತೂ ಯಾರ ಮನೆಯಿಂದ ಹೊರಟರೂ ತಿರುವಿನಲ್ಲಿ ನಿಂತು, ತಿರುಗಿ ಕೈಯೆತ್ತುತ್ತೇನೆ. ಎಷ್ಟು ಸೌಜನ್ಯದ ಮನುಷ್ಯ ಎನ್ನುತ್ತಾರೆ ಜನ. ನಾನು ನೋಡುವುದು ಬಾಗಿಲಲ್ಲಿ ನಿಂತವರನ್ನಲ್ಲ. ಅವರ ಹಿಂದೆ ಇನ್ನೊಂದು ಬೆಳಕಿದೆಯೇ ಎಂದು.