ಸೆನ್ಸರಿನ ಸರದಿ

ಆ ಮೀಟಿಂಗಿನಲ್ಲಿ ನಾವೆಲ್ಲ ಸರ್ ಎನ್ನುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ ನನ್ನನ್ನು ಎಚ್ಚರಿಸಿದ್ದರೇ? ಬಹಳ ದಿನ ನಾನು ಇಲ್ಲ ಎಂದೇ ನಂಬಿದ್ದೆ. ಅಪಘಾತವಾದ ಮೇಲೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಹಿಂದಕ್ಕೆ ಸರಿದು ಮೊದಲೇ ಹೇಳಿದಂತೆ ಆಗಿರಬೇಕು ಎಂದುಕೊಂಡಿದ್ದೆ. ಕೊನೆಗೆ ನನ್ನದೇ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಒಂದೇ ಸಾಲಿತ್ತು: "ಸರ್ ತಕರಾರು ಮಾಡಿದರು. ನಾನೇ ಗೆದ್ದೆ."

ವಿಕ್ರೋಳಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸು. ತಗಡನ್ನು ಅಚ್ಚಿಗೆ ಒತ್ತಿ ಆಕಾರ ಕೊಡುವ ಹಳೆಯ ಹೈಡ್ರಾಲಿಕ್ ಪ್ರೆಸ್ಸುಗಳಿಗೆ ಹೊಸ ಕಂಟ್ರೋಲ್ ಬೋರ್ಡು ಮಾಡಿ ಕೂರಿಸುವುದು ನಮ್ಮ ಕೆಲಸ. ಬೋರ್ಡಿನಲ್ಲಿ ಒಂದೇ ಚಿಕ್ಕ ಪ್ರೊಸೆಸರ್, ಅದಕ್ಕೆ ಮೂರು ಕೆಲಸ. ಅಚ್ಚಿನ ಮುಂದೆ ಕೈ ಬಂದಿದೆಯೇ ಎಂದು ಸೆನ್ಸರ್ ಕೊಟ್ಟ ಸುದ್ದಿಯನ್ನು ಪರೀಕ್ಷಿಸುವುದು ಒಂದು, ಎಣ್ಣೆಯ ಒತ್ತಡ ನೋಡಿ ವಾಲ್ವ್ ನಡೆಸುವುದು ಇನ್ನೊಂದು, ಸ್ಕ್ರೀನಿನ ಮೇಲೆ ಅಕ್ಷರ ಬರೆಯುವುದು ಮೂರನೆಯದು. ಮೂರೂ ಸೆಕೆಂಡಿನೊಳಗೆ ಎಷ್ಟೋ ಸಲ ಮತ್ತೆ ಮತ್ತೆ ಬರುತ್ತವೆ, ಪ್ರತಿ ಸಲಕ್ಕೂ ಒಂದು ಗಡುವು.

ಸರ್ ಉಡುಪಿ ಕಡೆಯವರು. ಸೆನ್ಸರಿಗೆ ಯಾವಾಗಲೂ ಮೊದಲ ಸ್ಥಾನ, ವಾಲ್ವಿಗೆ ಎರಡನೆಯದು, ಸ್ಕ್ರೀನಿಗೆ ಕೊನೆಯದು ಎಂದು ಕ್ರಮವನ್ನು ಕಟ್ಟಿಹಾಕುವುದು ಅವರ ಪದ್ಧತಿ. ನಾನು ಎಂ.ಟೆಕ್‌ನಲ್ಲಿ ಕಲಿತದ್ದು ಬೇರೆ. ಯಾವ ಕೆಲಸದ ಗಡುವು ಎಲ್ಲಕ್ಕಿಂತ ಹತ್ತಿರವಿದೆಯೋ ಅದನ್ನು ಮೊದಲು ಮಾಡು. ಇನ್ನೂ ಹತ್ತಿರದ ಗಡುವಿನದು ಬಂದರೆ ಕೈಯಲ್ಲಿದ್ದದ್ದನ್ನು ಬದಿಗಿಟ್ಟು ಅದನ್ನು ಹಿಡಿ. ಪ್ರೊಸೆಸರಿನ ಸಮಯವನ್ನು ನೂರು ಪಾಲು ಎಂದುಕೊಂಡರೆ, ಎಲ್ಲ ಕೆಲಸ ಸೇರಿ ಆ ನೂರನ್ನು ದಾಟದವರೆಗೆ ಒಂದು ಗಡುವೂ ತಪ್ಪುವುದಿಲ್ಲ. ಇದು ಸಾಧಿಸಿ ತೋರಿಸಬಹುದಾದ ಮಾತು. ಕ್ರಮ ಕಟ್ಟಿಹಾಕುವ ಪದ್ಧತಿಯಲ್ಲಿ ಅಷ್ಟು ತುಂಬಿದ ಪ್ರೊಸೆಸರಿಗೆ ಅಂಥ ಸಾರಾಸಗಟು ಭರವಸೆ ಇಲ್ಲ. ನಾನು ಅಳೆದಿದ್ದೆ: ಸೆನ್ಸರಿಗೆ ಇಪ್ಪತ್ತು, ವಾಲ್ವಿಗೆ ಮೂವತ್ತು, ಸ್ಕ್ರೀನಿಗೆ ನಲವತ್ತು. ಒಟ್ಟು ತೊಂಬತ್ತು.

"ನೂರು ದಾಟಿದ್ರೆ ಎಂತ ಮಾಡ್ತೀ?" ಎಂದರು ಸರ್.

"ದಾಟಲ್ಲ ಸರ್. ಅಳತೆ ಮಾಡಿದೀನಲ್ಲ."

"ನನ್ನ ಪದ್ಧತಿಯಲ್ಲಿ ಲೋಡ್ ಜಾಸ್ತಿ ಆದ್ರೆ ಸ್ಕ್ರೀನ್ ಒಂದು ಸಾಯ್ತದೆ, ಅಷ್ಟೇ. ನಿನ್ನದ್ರಲ್ಲಿ ಯಾರು ಸಾಯ್ತಾರೆ ಅಂತ ನಿಂಗೇ ಗೊತ್ತಿರೂದಿಲ್ಲ ಮಾರಾಯ್ತಿ."

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಮೊದಲ ಬೋರ್ಡನ್ನು ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಕೂರಿಸಿದೆವು. ಸೆನ್ಸರಿನಿಂದ ನೇರ ತಂತಿಯಲ್ಲೇ ಪ್ರೆಸ್ಸು ನಿಲ್ಲುವ ಪ್ರತ್ಯೇಕ ವ್ಯವಸ್ಥೆಯೂ ಇರಬೇಕಿತ್ತು. ಹಳೆಯ ಯಂತ್ರಕ್ಕೆ ಅದು ಹೊಂದಲಿಲ್ಲ. ಸಾಫ್ಟ್‌ವೇರ್ ಸಾಕು ಎಂದು ವರ್ಕ್‌ಶಾಪಿನ ಮಾಲೀಕರೂ ಒಪ್ಪಿದರು, ನಾವೂ ಒಪ್ಪಿದೆವು. ಪ್ರೆಸ್ಸು ನಡೆಸುತ್ತಿದ್ದವರು ವಿಜಯಪುರದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ನಾನು ಸಯನ್‌ನಲ್ಲಿ ಬೆಳೆದ ಕನ್ನಡದವಳು ಎಂದು ತಿಳಿದ ಮೇಲೆ ಚಹಾ ತರಿಸಿದರು.

"ಅಕ್ಕಾರ, ಸ್ಕ್ರೀನ್ ಮ್ಯಾಲಿನ ಈ ಇಂಗ್ಲಿಷ್ ನಮಗ ತಿಳಿಯಂಗಿಲ್ಲ್ರಿ. ಏನರ ಕೆಂಪಗ ಬಂದ್ರ ಅದು ಬೈಯಾಕತ್ತೈತಿ ಅಂತ ಅಷ್ಟ ತಿಳೀತೈತಿ."

"ಕನ್ನಡ ಹಾಕ್ಲಾ?"

"ಬ್ಯಾಡ್ರಿ, ಮರಾಠಿ ಹಾಕ್ರಿ. ಬಾಜೂದವ್ರಿಗೂ ತಿಳೀಬೇಕಲ್ಲ. ನಾ ಒಬ್ಬಾವ ಓದಿ ಏನ್ ಪರೀಕ್ಷಾ ಬರೀಬೇಕೇನ್ರಿ?"

ಎರಡು ವಾರದಲ್ಲಿ ಮರಾಠಿ ಹಾಕಿಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು, ಅದು ಚೆನ್ನಾಗಿ ನೆನಪಿದೆ. ಆದರೆ ಸ್ಕ್ರೀನಿನ ಕೆಲಸವನ್ನು ಮತ್ತೆ ಅಳೆಯಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ದೇವನಾಗರಿಯಲ್ಲಿ ಸ್ವರಚಿಹ್ನೆಯನ್ನು ಅಕ್ಷರದ ಹಿಂದೆಮುಂದೆ ಕೂರಿಸಬೇಕು, ಒತ್ತಕ್ಷರ ಬೆಸೆಯಬೇಕು. ಚಿಕ್ಕ ಪುಟಗಳಲ್ಲಿ ಅದರಿಂದ ವ್ಯತ್ಯಾಸವಾಗಲಿಲ್ಲ. ಅಚ್ಚು ಬದಲಿಸುವ ಸೂಚನೆಗಳ ಪುಟ ಮಾತ್ರ ಉದ್ದ. ಅದು ತೆರೆದಿರುವಷ್ಟು ಹೊತ್ತು ಸ್ಕ್ರೀನಿಗೆ ನಲವತ್ತರ ಬದಲು ಅರವತ್ತು ಪಾಲು ಬೇಕಾಗುತ್ತಿತ್ತು. ಒಟ್ಟು ನೂರಹತ್ತು.

ಒಂದು ಬೆಳಿಗ್ಗೆ ಅವರು ಹೊಸ ಅಚ್ಚು ಹಾಕಿ, ಆ ಪುಟವನ್ನು ಮುಚ್ಚದೆ, ಪ್ರೆಸ್ಸು ನಡೆಸಿದರು. ತಗಡು ಸ್ವಲ್ಪ ಓರೆಯಾಗಿತ್ತು. ಸರಿಮಾಡಲು ಬಲಗೈ ಚಾಚಿದರು. ಕೈ ಕಂಡರೆ ಪ್ರೆಸ್ಸು ನಿಲ್ಲುತ್ತದೆ ಎಂದು ಅವರಿಗೆ ಹೇಳಿಕೊಟ್ಟವಳು ನಾನೇ. ಅದು ನಿಲ್ಲಲಿಲ್ಲ. ಮೂರು ಬೆರಳು ಹೋದವು.

ಮರುದಿನ ಬೋರ್ಡು ಕ್ಷಣಕ್ಷಣಕ್ಕೂ ಬರೆದಿಟ್ಟ ಲಾಗನ್ನು ವಿಕ್ರೋಳಿಗೆ ತಂದು ಸರ್ ಜೊತೆ ಕೂತು ನೋಡಿದೆ. ಮೊದಲು ತಡವಾದದ್ದು ಸ್ಕ್ರೀನು. ಗಡುವು ಮೀರಿದ ಕೆಲಸಕ್ಕೆ ಎಲ್ಲಕ್ಕಿಂತ ಹಿಂದಿನ ಗಡುವು, ಆದ್ದರಿಂದ ನನ್ನ ನಿಯಮದ ಪ್ರಕಾರ ಅದಕ್ಕೇ ಮೊದಲ ಸರದಿ. ಅದು ಮುಗಿಯುವವರೆಗೆ ಸೆನ್ಸರ್ ಕಾದಿತು, ಕಾದು ತಾನೂ ಗಡುವು ಮೀರಿತು. ಅದರ ಹಿಂದೆ ವಾಲ್ವು. ಒಂದರ ತಡ ಇನ್ನೊಂದರ ಮೇಲೆ ಬೀಳುತ್ತ, ಹತ್ತು ಸೆಕೆಂಡಿನಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದು ಸೆಕೆಂಡು ಹಿಂದೆ ಬಿದ್ದಿದ್ದವು. ಸೆನ್ಸರ್ ಕೈಯನ್ನು ಸರಿಯಾದ ಹೊತ್ತಿಗೇ ಕಂಡು ಸಾಲಿಗೆ ಸೇರಿಸಿತ್ತು. ಆದರೆ ಪ್ರೊಸೆಸರ್ ಆಗ ಪರೀಕ್ಷಿಸುತ್ತಿದ್ದದ್ದು ಒಂದು ಸೆಕೆಂಡು ಹಳೆಯ ಸುದ್ದಿಯನ್ನು. ಆ ಸುದ್ದಿಯಲ್ಲಿ ಕೈ ಇರಲಿಲ್ಲ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಬರೆದು ಕೊಡು. ಇದ್ದದ್ದು ಇದ್ದ ಹಾಗೆ," ಎಂದರು.

ಬರೆಯುವಷ್ಟರಲ್ಲಿ ವರ್ಕ್‌ಶಾಪಿನವರು ಸರ್ಕಾರದ ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ವರದಿ ಕಳಿಸಿಯಾಗಿತ್ತು. ಕಾರಣ: ಆಪರೇಟರಿನ ಅಜಾಗರೂಕತೆ. ಜೊತೆಗೆ ಆಸ್ಪತ್ರೆಯ ಮಂಚದಲ್ಲೇ ಅವರು ಎಡಗೈ ಹೆಬ್ಬೆಟ್ಟು ಒತ್ತಿದ ಹೇಳಿಕೆ. ಅವರಿಗೆ ಸಹಿ ಮಾಡಲು ಬರುತ್ತಿತ್ತು, ಬಲಗೈಯಲ್ಲಿ.

ಒಂದು ತಿಂಗಳ ಮೇಲೆ ವರ್ಕ್‌ಶಾಪಿಗೆ ಹೋದೆ. ಅವರು ಪ್ಯಾಕಿಂಗ್ ಮೇಜಿನ ಹತ್ತಿರ ಎಡಗೈಯಲ್ಲಿ ಲೇಬಲ್ ಅಂಟಿಸುತ್ತಿದ್ದರು. ಲಾಗಿನ ಕಾಗದ ತೋರಿಸಿ, ತಪ್ಪು ನಿಮ್ಮದಲ್ಲ, ಆ ಹೇಳಿಕೆ ವಾಪಸು ತೆಗೆದುಕೊಳ್ಳಿ ಎಂದೆ.

"ನಾನ ಅವಸರ ಮಾಡಿದ್ನಿರಿ ಅಕ್ಕಾರ. ಕೈ ಹಾಕಬಾರದಾಗಿತ್ತು."

"ಮಶೀನ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದು ನಾನು ಮಾಡಿದ ತಪ್ಪು."

ಬಹಳ ಹೊತ್ತು ಕಾಗದ ನೋಡಿದರು. ಅದು ಇಂಗ್ಲಿಷಿನಲ್ಲಿತ್ತು.

"ಇದನ್ನ ಕೊಟ್ರ ಮಾಲಕರ ಮ್ಯಾಲ ಬರತೈತೇನ್ರಿ?"

"ಬರಬಹುದು. ನಮ್ಮ ಕಂಪನಿ ಮೇಲೂ."

"ಹಂಗಾದ್ರ ಬಿಡ್ರಿ. ಬೆರಳ ಹೋಗ್ಯಾವು, ಕೆಲಸ ಐತಿ. ನಿಮ್ಮ ಮನಸ್ಸ ಹಗುರ ಮಾಡ್ಕೊಳ್ಳಾಕ ಇದನ್ನೂ ಕಸ್ಕೋಬ್ಯಾಡ್ರಿ."

ಕೊನೆಯ ಮಾತನ್ನು ಅವರು ಹೀಗೇ ಆಡಿದರೋ, ಅಥವಾ ನನ್ನ ಮನಸ್ಸೇ ಅದನ್ನು ಸೇರಿಸಿತೋ ನನಗೆ ಖಚಿತವಿಲ್ಲ. ಆ ದಿನದ ಬಗ್ಗೆ ದಿನಚರಿಯಲ್ಲಿ ಏನೂ ಬರೆದಿಲ್ಲ.

ಮಾಡಿದ್ದು ಮಾತ್ರ ಖಚಿತ. ಸೆನ್ಸರನ್ನು ಎಂದೂ ಬದಲಾಗದ ಮೊದಲ ಸ್ಥಾನಕ್ಕೆ ಕಟ್ಟಿಹಾಕಿ, ಮಾರಿದ್ದ ಬೋರ್ಡುಗಳಿಗೆಲ್ಲ ಹೊಸ ಸಾಫ್ಟ್‌ವೇರ್ ಹಾಕಿಸಿದೆವು. ಈಗ ಲೋಡ್ ಜಾಸ್ತಿಯಾದರೆ ಅಕ್ಷರ ತಡವರಿಸುತ್ತದೆ, ಆದರೆ ಕೈ ಕಂಡರೆ ಪ್ರೆಸ್ಸು ನಿಲ್ಲುತ್ತದೆ. ಆಮೇಲೆ, ಅವರು ಬೇಡವೆಂದ ಲಾಗಿನ ಕಾಗದವನ್ನು ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಕೊಟ್ಟೆ. ಅದೇ ಪ್ರೆಸ್ಸಿನಲ್ಲಿ ಇನ್ನೊಬ್ಬರು ಕೂತಿದ್ದಾರೆ, ನಿಜ ಎಲ್ಲಾದರೂ ದಾಖಲಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸಾಫ್ಟ್‌ವೇರ್ ಆಗಲೇ ಬದಲಾಗಿ ಆ ಅಪಾಯ ತಪ್ಪಿತ್ತಲ್ಲ ಎಂಬುದನ್ನು ಹೇಳಿಕೊಳ್ಳಲಿಲ್ಲ.

ವರದಿಯಿಂದ "ಅಜಾಗರೂಕತೆ" ಎಂಬ ಪದವನ್ನು ತೆಗೆದುಹಾಕಿದರು. ಅದಾದ ವಾರದಲ್ಲೇ ಪ್ಯಾಕಿಂಗ್ ಮೇಜಿಗೆ ಬೇರೆಯವರು ಬಂದರು. ಗೇಟಿನ ವಾಚ್‌ಮನ್ ಫೋನಿನಲ್ಲಿ ಹಾಗೆಂದ. ಅವರು ಎಲ್ಲಿಗೆ ಹೋದರು ಎಂದು ಕೇಳಿದೆ. ಅವರ ಹೆಂಡತಿ ಬಂದು ಡಬ್ಬಿ, ಚಪ್ಪಲಿ ತೆಗೆದುಕೊಂಡು ಹೋದಳು, ಅಷ್ಟೇ ಗೊತ್ತು ಎಂದ.